ಅಪ್ಪನ ಡಿಸ್ಚಾರ್ಜ್ ಸಮ್ಮರಿ ಮತ್ತು ನನ್ನ ಒಂದೂವರೆ ಲೀಟರ್ ತಪ್ಪು

ಅಪ್ಪ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ದಿನ ನಾನು ಬೆಂಗಳೂರಿನ ಆಫೀಸಿನಲ್ಲಿ ಒಂದು ರಿಲೀಸ್ ಗಲಾಟೆಯಲ್ಲಿದ್ದೆ. ಸಾಗರದಿಂದ ಅಮ್ಮ ವಾಟ್ಸಾಪಿನಲ್ಲಿ ನಾಲ್ಕು ಫೋಟೊ ಕಳಿಸಿ, "ಇದ್ರಲ್ಲಿ ಏನಿದೆ ಅಂತ ಕನ್ನಡದಲ್ಲಿ ಬರೆದು ಕಳ್ಸೋ ಮಗ" ಅಂದ್ಲು. ಅಮ್ಮನಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಮಾತ್ರೆಯ ಹೆಸರು ಓದೋಕೆ ಬರುತ್ತೆ, ಅಷ್ಟೇ. ಮೀಟಿಂಗ್ ಮಧ್ಯೆ ಹತ್ತೇ ನಿಮಿಷದಲ್ಲಿ ಬರೆದು ಕಳಿಸಿಬಿಟ್ಟೆ.

ಅದರಲ್ಲೊಂದು ಸಾಲು ಹೀಗಿತ್ತು: 'ಫ್ಲೂಯಿಡ್ ರಿಸ್ಟ್ರಿಕ್ಷನ್ 1.5 ಲೀಟರ್ ಪರ್ ಡೇ'. ನಾನು ಬರೆದದ್ದು: 'ದಿನಕ್ಕೆ ಒಂದೂವರೆ ಲೀಟರ್ ನೀರು'. ಅಮ್ಮ ಅದನ್ನು ಕಟ್ಟುನಿಟ್ಟಾಗಿ ಪಾಲಿಸಿದಳು. ಅಪ್ಪ ಬೇಡ ಅಂದ್ರೂ ಬಿಡದೆ ಸಂಜೆಯೊಳಗೆ ಬಾಟಲಿ ಖಾಲಿ ಮಾಡಿಸಿದಳು. ಅದರ ಮೇಲೆ ಮೂರು ಲೋಟ ಕಾಫಿ 450 ಎಂಎಲ್, ಮಜ್ಜಿಗೆ 200, ಗಂಜಿ ಮತ್ತು ಸಾರು ಸೇರಿ 300. ಒಟ್ಟು ಸುಮಾರು ಎರಡೂವರೆ ಲೀಟರ್! ಅಪ್ಪನಿಗೆ ಇದ್ದದ್ದು ಹಾರ್ಟ್ ಫೇಲ್ಯೂರ್. ದೇಹದಲ್ಲಿ ನೀರು ನಿಲ್ಲಬಾರದು ಅಂತಲೇ ಟಾರ್ಸೆಮೈಡ್ ಅನ್ನೋ ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟಿದ್ದರು. ಒಂದು ಕಡೆ ಮಾತ್ರೆ ನೀರು ಹೊರಗೆ ಹಾಕುತ್ತಿತ್ತು, ಇನ್ನೊಂದು ಕಡೆ ನಾವೇ ತುಂಬಿಸುತ್ತಿದ್ದೆವು.

ನಾಲ್ಕನೇ ದಿನ ಅಕ್ಕ ಮನೆಗೆ ಹೋದಾಗ ಅಪ್ಪನ ಪಾದ ಊದಿತ್ತು. ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು. ಅವಳು ಮೂಲ ಕಾಗದ ತೆಗೆದು ನೋಡಿದಳು. ಮೂರನೇ ಪುಟದ ಕೊನೆಯಲ್ಲಿ, 'ದಿನಾ ತೂಕ ನೋಡಿ, ಮೂರು ದಿನದಲ್ಲಿ ಎರಡು ಕೆಜಿಗಿಂತ ಹೆಚ್ಚಾದರೆ ತಿಳಿಸಿ' ಅಂತ ಇಂಗ್ಲಿಷಿನಲ್ಲಿತ್ತು. ನನಗೆ ಬಂದ ಫೋಟೊದಲ್ಲಿ ಆ ಸಾಲೇ ಕತ್ತರಿಸಿಹೋಗಿತ್ತು. ತೂಕ ನೋಡಿದರೆ 68 ಇದ್ದದ್ದು 70.4 ಆಗಿದೆ. ಆಸ್ಪತ್ರೆಗೆ ಫೋನ್ ಮಾಡಿದಾಗ ಅವತ್ತೇ ಕರೆದುಕೊಂಡು ಬನ್ನಿ ಅಂದ್ರು. ರಕ್ತ ಪರೀಕ್ಷೆ ಮಾಡಿ, ಮಾತ್ರೆಯ ಪ್ರಮಾಣ ಬದಲಿಸಿ ಕಳಿಸಿದರು. ಮತ್ತೆ ಅಡ್ಮಿಟ್ ಆಗೋದು ತಪ್ಪಿತು.

ಅವತ್ತು ರಾತ್ರಿಯ ಬಸ್ಸಿಗೆ ಊರಿಗೆ ಹೋದೆ. ಬೆಳಿಗ್ಗೆ ಕೂತು ಮೊದಲಿಂದ ಬರೆದೆ.

ಮೊದಲು ಫೋಟೊ. ಕಾಗದವನ್ನು ಕಿಟಕಿ ಪಕ್ಕದ ಟೇಬಲ್ ಮೇಲೆ ಸಪಾಟಾಗಿ ಹಾಸಿ, ಫ್ಲ್ಯಾಶ್ ಇಲ್ಲದೆ, ನಾಲ್ಕೂ ಅಂಚು ಕಾಣುವ ಹಾಗೆ ತೆಗೆದೆ. ಹಳೇ ಫೋಟೊದಲ್ಲಿ ಫ್ಲ್ಯಾಶ್ ಬೆಳಕು ಬಿದ್ದು ಮೆಟೊಪ್ರೊಲಾಲ್ 12.5ರ ಚುಕ್ಕಿ ಮಾಯವಾಗಿ 125 ಅಂತ ಕಾಣ್ತಿತ್ತು. ಪುಣ್ಯಕ್ಕೆ ಅಮ್ಮ ಮಾತ್ರೆಯ ಪಟ್ಟಿ ನೋಡಿ ಕೊಡುತ್ತಿದ್ದಳು, ಅದರ ಮೇಲೆ 12.5 ಅಂತ ಸರಿಯಾಗಿತ್ತು. ಈಗ ಪ್ರತಿ ಅಂಕಿಯನ್ನೂ ಪಟ್ಟಿಯ ಜೊತೆ ತಾಳೆ ನೋಡ್ತೀನಿ. ಕಳಿಸುವಾಗ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸಿ ಮಸುಕು ಮಾಡಲ್ಲ.

ಆಮೇಲೆ ಕಾಯಿಲೆಯ ಹೆಸರು. ಹಾರ್ಟ್ ಫೇಲ್ಯೂರ್ ಅನ್ನು 'ಹೃದಯ ವೈಫಲ್ಯ' ಅಂತ ಬರೆದಿದ್ದೆ. ಅಮ್ಮ ಅದನ್ನು ಓದಿ, ಹೃದಯ ನಿಂತೇ ಹೋಗುತ್ತೆ ಅಂದುಕೊಂಡು ಮೂರು ರಾತ್ರಿ ನಿದ್ದೆ ಮಾಡಿರಲಿಲ್ಲವಂತೆ. ಈ ಸಲ ಇಂಗ್ಲಿಷ್ ಹೆಸರನ್ನೇ ಕನ್ನಡ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ 'ಹೃದಯ ನಡೀತಿದೆ, ಆದರೆ ರಕ್ತವನ್ನು ಪಂಪ್ ಮಾಡುವ ಬಲ ಕಡಿಮೆಯಾಗಿದೆ' ಅಂತ ಸೇರಿಸಿದೆ. ಬೇರೆ ಡಾಕ್ಟರಿಗೆ ತೋರಿಸಬೇಕಾದರೆ ಮೂಲ ಹೆಸರು ಬೇಕೇ ಬೇಕು. 'ಸಿಕೆಡಿ' ಮುಂದೆ ಒಂದು ಪ್ರಶ್ನೆ ಚಿಹ್ನೆ ಇತ್ತು. ಅಂದ್ರೆ ಮೂತ್ರಪಿಂಡದ ದೀರ್ಘಕಾಲದ ತೊಂದರೆ ಇರಬಹುದೆಂಬ ಅನುಮಾನ, ಇನ್ನೂ ಖಚಿತವಾಗಿಲ್ಲ. ಮೊದಲ ಸಲ ಆ ಚಿಹ್ನೆ ನುಂಗಿ 'ಕಿಡ್ನಿ ಕಾಯಿಲೆ ಇದೆ' ಅಂತ ಬರೆದಿದ್ದೆ. ಡಾಕ್ಟರೇ ಅನುಮಾನದಲ್ಲಿ ಬಿಟ್ಟದ್ದನ್ನು ನಾನು ತೀರ್ಮಾನ ಮಾಡಿಬಿಟ್ಟಿದ್ದೆ.

ಇನ್ನೊಂದು ಪದ 'ಹೋಲ್ಡ್'. 'ಹೋಲ್ಡ್ ಮೆಟ್‌ಫಾರ್ಮಿನ್ ಟಿಲ್ ರಿವ್ಯೂ' ಅಂತಿತ್ತು. ನಾನು 'ಮುಂದುವರಿಸಿ' ಅನ್ನೋ ಅರ್ಥದಲ್ಲಿ ತಗೊಂಡಿದ್ದೆ. ಅದರ ಅರ್ಥ ತಾತ್ಕಾಲಿಕವಾಗಿ ನಿಲ್ಲಿಸಿ ಅಂತ. ಮನೆಯಲ್ಲಿ ಹಳೇ ಸಕ್ಕರೆ ಮಾತ್ರೆ ಡಬ್ಬಿ ತುಂಬ ಇತ್ತು, ಅಮ್ಮ ಕೊಡುತ್ತಲೇ ಇದ್ದಳು. ಈಗ ಬರೆದದ್ದು: 'ಸದ್ಯಕ್ಕೆ ಕೊಡಬೇಡ. ಮುಂದಿನ ಭೇಟಿಯಲ್ಲಿ ಡಾಕ್ಟರ್ ಹೇಳಿದ ಮೇಲಷ್ಟೇ.' ಆ ಡಬ್ಬಿಯನ್ನು ಬೇರೆ ಕಪಾಟಿಗೆ ಹಾಕಿಸಿದೆ.

ನನಗೆ ಅರ್ಥವಾಗದ ಎರಡು ಕಡೆ ಊಹಿಸದೆ 'ಕೇಳಬೇಕು' ಅಂತ ಬರೆದು, ಸಮ್ಮರಿಯಲ್ಲಿದ್ದ ವಾರ್ಡ್ ನಂಬರಿಗೆ ಫೋನ್ ಮಾಡಿ ಡ್ಯೂಟಿ ಡಾಕ್ಟರನ್ನೇ ಕೇಳಿದೆ. ಆಮೇಲೆ ನನ್ನ ಕನ್ನಡವನ್ನು ಅಕ್ಕನಿಗೆ ಕೊಟ್ಟು, ಮೂಲ ನೋಡದೆ ಇಂಗ್ಲಿಷಿಗೆ ತಿರುಗಿಸು ಅಂದೆ. ರಕ್ತ ಪರೀಕ್ಷೆಯ ರಿಪೋರ್ಟ್ ಜೊತೆ ಏಳು ದಿನಕ್ಕೆ ಬರಬೇಕು ಅನ್ನೋದನ್ನು ಅವಳು 'ಬಂದು ಪರೀಕ್ಷೆ ಮಾಡಿಸಬೇಕು' ಅಂತ ತಿರುಗಿಸಿದಳು. ನನ್ನ ವಾಕ್ಯವೇ ಗೋಜಲಾಗಿತ್ತು. 'ಹೋಗುವ ಮೊದಲೇ ಪರೀಕ್ಷೆ ಮಾಡಿಸಿ, ರಿಪೋರ್ಟ್ ತಗೊಂಡು ಹೋಗಿ' ಅಂತ ತಿದ್ದಿದೆ.

ಕೊನೆಗೆ ಅಮ್ಮನಿಗೆ, "ಈಗ ನೀನೇ ಹೇಳಮ್ಮ, ನೀರಿನ ಲೆಕ್ಕ ಹೇಗೆ?" ಅಂದೆ. ಅವಳು ಬೆರಳು ಮಡಚಿದಳು. "ಕಾಫಿ ಎರಡೇ ಲೋಟ, 300. ಮಜ್ಜಿಗೆ 200, ಗಂಜಿ ಸಾರು 300. ಉಳಿದದ್ದು 700, ಅಷ್ಟು ನೀರು ಬೆಳಿಗ್ಗೆನೇ ಬಾಟ್ಲಿಗೆ ಹಾಕಿಡ್ತೀನಿ. ಅದು ಮುಗಿದ್ರೆ ಮುಗೀತು."

ಮೂಲೆಯಲ್ಲಿ ಕೂತಿದ್ದ ಅಪ್ಪ ಕೇಳಿದರು, "ಮೂರನೇ ಕಾಫಿ ಯಾರು ತೆಗೆದದ್ದು?"