ಜಗಳದ ಮಾತಿಲ್ಲದ ಜಗಳ

ಇಬ್ಬರು ಪಾತ್ರಗಳು ಮನಸ್ಸಿನಲ್ಲಿರುವುದನ್ನೆಲ್ಲ ಬಾಯಿಬಿಟ್ಟು ಹೇಳಿದರೆ ಓದುಗನಿಗೆ ಮಾಡಲು ಕೆಲಸ ಉಳಿಯುವುದಿಲ್ಲ. ಹೆಮಿಂಗ್ವೆಯ ‘ಹಿಲ್ಸ್ ಲೈಕ್ ವೈಟ್ ಎಲಿಫೆಂಟ್ಸ್’ (1927) ಕಥೆಯಲ್ಲಿ ರೈಲಿಗಾಗಿ ಕಾಯುತ್ತಿರುವ ಜೋಡಿ ಗರ್ಭಪಾತದ ವಿಷಯಕ್ಕೇ ಸೆಣಸುತ್ತಿದೆ. ಆದರೆ ಆ ಪದ ಕಥೆಯಲ್ಲಿ ಒಮ್ಮೆಯೂ ಬರುವುದಿಲ್ಲ.

ಇಂಥ ದೃಶ್ಯ ಬರೆಯುವ ಮೊದಲು ಇಬ್ಬರಿಗೂ ಬೇಕಾದದ್ದೇನು ಎಂಬುದನ್ನು ಬೇರೆ ಹಾಳೆಯಲ್ಲಿ ಒಂದೊಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಬೇಕು. ಉದಾಹರಣೆಗೆ, ಕಾಯಿಲೆಯ ತಾಯಿಯನ್ನು ಊರಿನಲ್ಲಿದ್ದು ನೋಡಿಕೊಂಡ ಅಣ್ಣನಿಗೆ ತನ್ನ ಶ್ರಮವನ್ನು ತಮ್ಮ ಒಪ್ಪಿಕೊಳ್ಳಬೇಕು. ತಾಯಿ ತೀರಿಕೊಂಡ ಮೇಲೆ ಬೆಂಗಳೂರಿನಿಂದ ಬಂದಿರುವ ತಮ್ಮನಿಗೆ ಆಸ್ತಿಯಲ್ಲಿ ಪಾಲು ಬೇಕು. ಈಗ ‘ಪಾಲು’, ‘ಆಸ್ತಿ’, ‘ಸೇವೆ’ ಎಂಬ ಪದಗಳನ್ನು ದೃಶ್ಯದಿಂದ ಹೊರಗಿಟ್ಟು, ಇಬ್ಬರ ನಡುವೆ ಬೇರೊಂದು ವಸ್ತುವನ್ನು ತರಬೇಕು.

“ಅಣ್ಣ, ಹಿತ್ತಲಿನ ಹಲಸಿನ ಮರ ಕಡಿಸಿದ್ದೀಯಾ?”

“ಕೊಂಬೆ ಹೆಂಚಿನ ಮೇಲೆ ಬೀಳ್ತಿತ್ತು.”

“ಫೋನಲ್ಲಿ ಒಂದು ಮಾತು ಹೇಳಬಹುದಿತ್ತು.”

“ಅಮ್ಮನ ಮಾತ್ರೆ ಮುಗಿದಾಗ ಫೋನ್ ಮಾಡಿದ್ದೆ. ಮೀಟಿಂಗಲ್ಲಿದ್ದೆ ನೀನು.”

“ಮರ ಎಷ್ಟಕ್ಕೆ ಹೋಯ್ತು?”

ಅಣ್ಣ ಲೋಟವನ್ನು ಮುಂದಕ್ಕೆ ಸರಿಸಿದ. “ಕಾಫಿ ಆರ್ತಾ ಇದೆ. ಕುಡೀರಿ.”

ಮರದ ಮಾತು ಇಲ್ಲಿ ಸುಮ್ಮನೆ ಬಂದಿಲ್ಲ. ಅದು ಹಿತ್ತಲಿನದು, ಅಂದರೆ ಇಬ್ಬರಿಗೂ ಸೇರಿದ್ದು. ಮಾರಿದರೆ ಹಣ ಬರುವಂಥದ್ದು. ಇದೇ ಜಾಗದಲ್ಲಿ ಮಳೆಯ ಮಾತು ಇಟ್ಟಿದ್ದರೆ ದೃಶ್ಯ ಬರೀ ಹರಟೆಯಾಗುತ್ತಿತ್ತು. ಉತ್ತರಗಳೂ ನೇರವಾಗಿಲ್ಲ. ಫೋನಿನ ದೂರಿಗೆ ಅಣ್ಣ ಇನ್ನೊಂದು ಫೋನಿನ ನೆನಪನ್ನು ಎದುರಿಡುತ್ತಾನೆ. ತಮ್ಮ ಆ ನೆನಪಿಗೆ ಉತ್ತರ ಕೊಡದೆ ಬೆಲೆಯನ್ನು ಕೇಳುತ್ತಾನೆ. ಅವನು ನುಂಗಿಕೊಂಡ ಆ ಉತ್ತರವೇ ದೃಶ್ಯದ ನಡುಮಧ್ಯ.

ಕೊನೆಯ ಪೆಟ್ಟು ಕನ್ನಡದ್ದೇ. ಹುಟ್ಟಿದಾಗಿನಿಂದ ಏಕವಚನದಲ್ಲಿ ಕರೆದ ತಮ್ಮನಿಗೆ ಅಣ್ಣ ‘ಕುಡೀರಿ’ ಎಂದಾಗ ತಮ್ಮ ಆ ಮನೆಯ ನೆಂಟನಾಗಿಬಿಡುತ್ತಾನೆ. ಕೋಪವನ್ನು ಬಹುವಚನದಲ್ಲಿ ಅಡಗಿಸುವ ಈ ಅನುಕೂಲ ಇಂಗ್ಲಿಷಿನ ‘ಯೂ’ಗೆ ಇಲ್ಲ. ಕನ್ನಡದ ಬರಹಗಾರರು ಇದನ್ನು ಇನ್ನೂ ಧಾರಾಳವಾಗಿ ಬಳಸಬೇಕು.

ಸಾಮಾನ್ಯವಾಗಿ ತಪ್ಪಾಗುವುದು ಎರಡು ಕಡೆ. ‘ಅಸಮಾಧಾನದಿಂದ ನುಡಿದ’ ಎಂಬ ಟಿಪ್ಪಣಿ ಸೇರಿಸಿದರೆ ಮುಚ್ಚಿಟ್ಟದ್ದೆಲ್ಲ ಬಯಲಾಗುತ್ತದೆ. ಇನ್ನೊಂದು ತಪ್ಪು, ಏನೂ ತಿಳಿಯದಷ್ಟು ಅಡಗಿಸುವುದು. ತಾಯಿ ಹಾಸಿಗೆ ಹಿಡಿದಿದ್ದಳು, ತಮ್ಮ ಬಂದಿರಲಿಲ್ಲ ಎಂಬ ಸಂಗತಿ ಓದುಗನಿಗೆ ಮೊದಲೇ ಗೊತ್ತಿರದಿದ್ದರೆ ಮಾತ್ರೆಯ ಸಾಲು ಚುಚ್ಚುವುದಿಲ್ಲ. ದೃಶ್ಯವನ್ನು ಒಬ್ಬರಿಗೆ ಓದಲು ಕೊಟ್ಟು, ಇವರಿಬ್ಬರಿಗೆ ಬೇಕಾದದ್ದೇನು ಎಂದು ಕೇಳಿ ನೋಡಿ. ‘ಮರ’ ಎಂಬ ಉತ್ತರ ಬಂದರೆ ಮತ್ತೆ ಬರೆಯಬೇಕು.