ಒಂದು ದಿನದ ಬೆಲೆ ಯಾವುದು?

ನಿನ್ನೆ ನಮ್ಮ ಊರಿನ ಉಷ್ಣತೆ ಎಷ್ಟಿತ್ತು ಎಂದು ಕೇಳಿದರೆ ಒಂದೇ ಅಂಕಿಯಲ್ಲಿ ಉತ್ತರ ಕೊಡುವುದು ಸುಲಭವಲ್ಲ. ಬೆಳಗಿನ ಜಾವದಲ್ಲಿ ಒಂದು, ಮಧ್ಯಾಹ್ನದಲ್ಲಿ ಇನ್ನೊಂದು, ರಾತ್ರಿಯಲ್ಲಿ ಮತ್ತೊಂದು. ಹವಾಮಾನ ಶಾಸ್ತ್ರಜ್ಞರು ಇದಕ್ಕೆ ಒಂದು ಸರಳವಾದ ಉಪಾಯವನ್ನು ರೂಢಿಸಿಕೊಂಡಿದ್ದಾರೆ: ದಿನದ ಗರಿಷ್ಠ ಮತ್ತು ಕನಿಷ್ಠ ಉಷ್ಣತೆಗಳನ್ನು ಕೂಡಿ ಎರಡರಿಂದ ಭಾಗಿಸುವುದು. ಷೇರು ಪೇಟೆಯಲ್ಲಿಯೂ ಇದೇ ತೊಡಕು ಉಂಟು. ಒಂದು ಷೇರಿನ ಬೆಲೆ ದಿನದಲ್ಲಿ ಸಾವಿರಾರು ಸಲ ಬದಲಾಗುತ್ತದೆ. ಆದರೆ ಬೆಲೆಯ ಗತಿಯನ್ನು ತೋರಿಸಲೆಂದು ರಚಿಸಿದ ‘ಸೂಚಕ’ಗಳಿಗೆ, ಎಂದರೆ ಚಲಿಸುವ ಸರಾಸರಿ ಮೊದಲಾದ ಲೆಕ್ಕಾಚಾರಗಳಿಗೆ, ದಿನಕ್ಕೆ ಒಂದೇ ಅಂಕಿಯನ್ನು ಒದಗಿಸಬೇಕು. ಆ ಅಂಕಿ ಯಾವುದಾಗಿರಬೇಕು?

ರೂಢಿಯಲ್ಲಿರುವ ಉತ್ತರಗಳು ಮೂರು. ಮೊದಲನೆಯದು ಮುಕ್ತಾಯದ ಬೆಲೆ. ಎರಡನೆಯದು ಮಧ್ಯಬೆಲೆ, ಎಂದರೆ ಗರಿಷ್ಠ ಕನಿಷ್ಠಗಳ ನಡುವಣ ಬಿಂದು. ಮೂರನೆಯದು ಪ್ರಾತಿನಿಧಿಕ ಬೆಲೆ. ಇದರಲ್ಲಿ ಗರಿಷ್ಠ, ಕನಿಷ್ಠ, ಮುಕ್ತಾಯ ಮೂರನ್ನೂ ಕೂಡಿ ಮೂರರಿಂದ ಭಾಗಿಸುತ್ತಾರೆ. ಗರಿಷ್ಠವನ್ನು H, ಕನಿಷ್ಠವನ್ನು L, ಮುಕ್ತಾಯವನ್ನು C ಎಂದು ಕರೆದರೆ, ನಕ್ಷೆ ಬರೆಯುವ ತಂತ್ರಾಂಶಗಳಲ್ಲಿ ಇವು ಹೀಗೆ ಕಾಣಿಸಿಕೊಳ್ಳುತ್ತವೆ:

```
close = C
hl2   = (H + L) / 2
hlc3  = (H + L + C) / 3
```

ಮಧ್ಯಬೆಲೆಯು ಗಣಿತದ ಪಾಠದಲ್ಲಿ ಬರುವ ಮಧ್ಯಾಂಕವಲ್ಲ ಎಂಬುದನ್ನು ಇಲ್ಲಿಯೇ ಗಮನಿಸಬೇಕು. ಮಧ್ಯಾಂಕವನ್ನು ಪಡೆಯಲು ದಿನದ ಎಲ್ಲ ಬೆಲೆಗಳನ್ನೂ ಕ್ರಮವಾಗಿ ಜೋಡಿಸಿ ನಡುವಿನದನ್ನು ಆರಿಸಬೇಕು. ಮಧ್ಯಬೆಲೆಗಾದರೋ ಎರಡು ತುದಿಗಳು ಮಾತ್ರ ಸಾಕು. ನಡುವೆ ನಡೆದ ವ್ಯವಹಾರವೆಲ್ಲ ಅದಕ್ಕೆ ಅಪರಿಚಿತ. ಇದರ ಪರಿಣಾಮವನ್ನು ಮುಂದೆ ನೋಡೋಣ.

ಮುಕ್ತಾಯದ ಬೆಲೆಯನ್ನು ನಂಬದವರ ವಾದ ಹೀಗಿದೆ: ಇಡೀ ದಿನದ ಕಥೆಯನ್ನು ಕೊನೆಯ ಒಂದು ಕ್ಷಣದಿಂದ ಅಳೆಯುವುದು ಹೇಗೆ? ಕೊನೆಯ ನಿಮಿಷದ ಒಂದು ದೊಡ್ಡ ಮಾರಾಟದಿಂದ ಅದು ಕೆಡಬಹುದಲ್ಲ? ಹೆಚ್ಚು ಅಂಕಿಗಳನ್ನು ಬೆರೆಸಿದರೆ ಗೆರೆ ನಯವಾಗುತ್ತದೆ, ಸುಳ್ಳು ಸಂಜ್ಞೆಗಳು ಕಡಿಮೆಯಾಗುತ್ತವೆ. ಈ ವಾದದಲ್ಲಿ ಸತ್ಯವಿಲ್ಲದಿಲ್ಲ. ಆದರೆ ಆ ನಯ ಎಲ್ಲಿಂದ ಬಂತು ಎಂಬುದನ್ನು ಪರೀಕ್ಷಿಸದೆ ಒಪ್ಪುವುದು ವಿಜ್ಞಾನದ ರೀತಿಯಲ್ಲ.

ಪರೀಕ್ಷೆಗೆ ಒಂದು ನಾಣ್ಯ ಸಾಕು. ಒಂದು ಕಾಲ್ಪನಿಕ ಷೇರನ್ನು ಊಹಿಸೋಣ. ಅದರ ವ್ಯವಹಾರ ದಿನಕ್ಕೆ ಎರಡೇ ಸಲ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಪ್ರತಿ ಸಲವೂ ನಾಣ್ಯ ಚಿಮ್ಮುತ್ತೇವೆ. ತಲೆ ಬಿದ್ದರೆ ಬೆಲೆ ಒಂದು ರೂಪಾಯಿ ಏರುತ್ತದೆ, ಬಾಲ ಬಿದ್ದರೆ ಒಂದು ರೂಪಾಯಿ ಇಳಿಯುತ್ತದೆ. ಇಂಥ ಬೆಲೆಗೆ ಯಾವ ಗತಿಯೂ ಇಲ್ಲ. ನಾಳೆಯ ವಿಷಯವನ್ನು ಇಂದಿನಿಂದ ಹೇಳಲು ಯಾರಿಂದಲೂ ಆಗದು.

ಸೋಮವಾರ ಬೆಳಿಗ್ಗೆ 101, ಸಂಜೆ 100. ಮಂಗಳವಾರ ಬೆಳಿಗ್ಗೆ 101, ಸಂಜೆ 102. ಬುಧವಾರ ಬೆಳಿಗ್ಗೆ 103, ಸಂಜೆ 102 ಎಂದಿರಲಿ. ಮುಕ್ತಾಯದ ಬೆಲೆಯನ್ನು ನೋಡಿದರೆ ಮಂಗಳವಾರ 102, ಬುಧವಾರವೂ 102, ಏನೂ ಬದಲಾವಣೆಯಿಲ್ಲ. ಮಧ್ಯಬೆಲೆಯಾದರೋ ಸೋಮವಾರ 100.5, ಮಂಗಳವಾರ 101.5, ಬುಧವಾರ 102.5. ದಿನಕ್ಕೊಂದು ರೂಪಾಯಿಯಂತೆ ಮೆಟ್ಟಿಲು ಹತ್ತಿದ ಹಾಗೆ ಕಾಣುತ್ತದೆ! ಬುಧವಾರದ ಆ ಒಂದು ರೂಪಾಯಿ ಏರಿಕೆಯನ್ನು ಬಿಡಿಸಿ ನೋಡೋಣ. ಅದರಲ್ಲಿ ಅರ್ಧ ರೂಪಾಯಿ ಬುಧವಾರದ ಸ್ವಂತ ಸಂಪಾದನೆ. ಉಳಿದ ಅರ್ಧ ರೂಪಾಯಿ ಮಂಗಳವಾರ ಸಂಜೆಯ ಏರಿಕೆ. ಆ ಸಂಜೆಯ ಒಂದು ರೂಪಾಯಿಯಲ್ಲಿ ಅರ್ಧವನ್ನು ಮಾತ್ರ ಮಂಗಳವಾರದ ಮಧ್ಯಬೆಲೆ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಮಿಕ್ಕ ಅರ್ಧವು ತಡವಾಗಿ ಬುಧವಾರದ ಲೆಕ್ಕಕ್ಕೆ ಬಂದು ಸೇರಿತು. ಪ್ರಾತಿನಿಧಿಕ ಬೆಲೆಯಲ್ಲಿಯೂ ಹೀಗೆಯೇ. ಆದರೆ ಅದರಲ್ಲಿ ಮುಕ್ತಾಯಕ್ಕೆ ಹೆಚ್ಚು ತೂಕವಿರುವುದರಿಂದ ಮರುದಿನಕ್ಕೆ ಉಳಿಯುವುದು ಅರ್ಧವಲ್ಲ, ಮೂರರಲ್ಲಿ ಒಂದು ಭಾಗ.

ಒಂದೇ ಎಸೆತವು ಎರಡು ದಿನಗಳ ಲೆಕ್ಕದಲ್ಲಿ ಸೇರಿಕೊಂಡರೆ ಆ ಎರಡು ದಿನಗಳು ಒಂದನ್ನೊಂದು ಹೋಲತೊಡಗುತ್ತವೆ. ಎಷ್ಟರಮಟ್ಟಿಗೆ ಎಂಬುದನ್ನು ಕಾಗದದ ಮೇಲೆಯೇ ಎಣಿಸಬಹುದು. ಮಂಗಳವಾರ, ಬುಧವಾರಗಳ ಮಧ್ಯಬೆಲೆಯ ಬದಲಾವಣೆಗಳು ಸೋಮವಾರ ಸಂಜೆಯಿಂದ ಬುಧವಾರ ಸಂಜೆಯವರೆಗಿನ ಐದು ಎಸೆತಗಳನ್ನು ಅವಲಂಬಿಸಿವೆ. ಐದು ಎಸೆತಗಳು 32 ಬಗೆಯಲ್ಲಿ ಬೀಳಬಹುದು. ಅವುಗಳಲ್ಲಿ 12 ಬಗೆಗಳಲ್ಲಿ ಮಂಗಳವಾರದ ಮಧ್ಯಬೆಲೆ ಏರಿರುತ್ತದೆ. ಆ ಹನ್ನೆರಡರಲ್ಲಿ ಬುಧವಾರ ಮತ್ತೆ ಏರುವುದು 5 ಸಲ, ಇಳಿಯುವುದು 4 ಸಲ, ಹಾಗೆಯೇ ನಿಲ್ಲುವುದು 3 ಸಲ. ಏರಿದ್ದು ಇನ್ನೂ ಏರುವ ಸಂಭವ ಹೆಚ್ಚು ಎಂದಂತಾಯಿತು. ನಾಣ್ಯಕ್ಕೆ ಇಲ್ಲದ ನೆನಪನ್ನು ನಮ್ಮ ಭಾಗಾಕಾರ ಅದಕ್ಕೆ ಕೊಟ್ಟಿದೆ. ಮುಕ್ತಾಯದ ಬೆಲೆಗಳಿಂದ ಇದೇ ಎಣಿಕೆ ಮಾಡಿದರೆ ಏರಿಕೆ ಇಳಿಕೆಗಳು ಸರಿಸಮವಾಗಿರುತ್ತವೆ. ಅಲ್ಲಿ ಯಾವ ಎಸೆತವೂ ಎರಡು ದಿನಗಳಲ್ಲಿ ಪಾಲು ಪಡೆಯುವುದಿಲ್ಲ.

ಈ ಸಂಗತಿಯನ್ನು ಗಣಿತದ ರೂಪದಲ್ಲಿ ತೋರಿಸಿಕೊಟ್ಟವರು ಅಮೆರಿಕದ ಹೋಲ್‌ಬ್ರೂಕ್ ವರ್ಕಿಂಗ್. ಅನಿಯತವಾಗಿ ಅಲೆಯುವ ಬೆಲೆಗಳ ಸರಾಸರಿಯನ್ನು ಅವಧಿ ಅವಧಿಗೂ ತೆಗೆದರೆ, ಅಕ್ಕಪಕ್ಕದ ಬದಲಾವಣೆಗಳ ಸಹಸಂಬಂಧವು ಸೊನ್ನೆಯಾಗಿರದೆ ಕಾಲು ಭಾಗದ ಹತ್ತಿರ ಬರುತ್ತದೆಂದು ಅವರು 1960ರಲ್ಲಿ ಪ್ರಕಟಿಸಿದರು. ಅದು ಬರಿಯ ಗಣಿತದ ವಿನೋದವಾಗಿರಲಿಲ್ಲ. ಆಲ್‌ಫ್ರೆಡ್ ಕೌಲ್ಸ್ ಮತ್ತು ಹರ್ಬರ್ಟ್ ಜೋನ್ಸ್ ಎಂಬವರು 1937ರಲ್ಲಿ ಷೇರು ಬೆಲೆಗಳು ತಾವು ಹಿಡಿದ ದಿಕ್ಕಿನಲ್ಲಿಯೇ ಸಾಗುವ ಪ್ರವೃತ್ತಿಯುಳ್ಳವೆಂದು ಸಾರಿದ್ದರು. ಅವರ ಅಂಕಿಗಳಲ್ಲಿ ಸರಾಸರಿಯ ಈ ಪ್ರಭಾವ ಸೇರಿಕೊಂಡಿತ್ತು. 1960ರಲ್ಲಿ ಕೌಲ್ಸರು ಹಿಂದಿನ ತೀರ್ಮಾನವನ್ನು ತಾವೇ ಪರಿಷ್ಕರಿಸಿ ಪ್ರಕಟಿಸಿದರು.

ದಿನಕ್ಕೆ ಎರಡೇ ಎಸೆತಗಳ ಬದಲು ಎಣಿಕೆಯಿಲ್ಲದಷ್ಟು ಸಣ್ಣ ಎಸೆತಗಳಿದ್ದರೆ, ರಾತ್ರಿಯ ಬಿಡುವೂ ಇಲ್ಲದಿದ್ದರೆ, ಮಧ್ಯಬೆಲೆಯ ಸಹಸಂಬಂಧ ಸುಮಾರು 0.31, ಪ್ರಾತಿನಿಧಿಕ ಬೆಲೆಯದು ಸುಮಾರು 0.32 ಎಂದು ಲೆಕ್ಕ ಹಾಕಬಹುದು. ಎರಡರಲ್ಲಿಯೂ ದಿನದಿನದ ಏರಿಳಿತದ ಪ್ರಮಾಣ ಮುಕ್ತಾಯದ ಬೆಲೆಯದಕ್ಕಿಂತ ಶೇಕಡಾ 22ರಷ್ಟು ಕುಗ್ಗುತ್ತದೆ. ನಯವಾದ ಗೆರೆಯ ಗುಟ್ಟು ಇದೇ. ಆದರೆ ಈ ನಯಕ್ಕೆ ತೆರುವ ಬೆಲೆ ಎರಡರಲ್ಲಿ ಒಂದೇ ಅಲ್ಲ: ಮಧ್ಯಬೆಲೆ ಸರಾಸರಿ ಅರ್ಧ ದಿನ ಹಿಂದುಳಿಯುತ್ತದೆ, ಪ್ರಾತಿನಿಧಿಕ ಬೆಲೆ ದಿನದ ಮೂರರಲ್ಲಿ ಒಂದು ಭಾಗ ಮಾತ್ರ. ನಿಜವಾದ ಪೇಟೆಯಲ್ಲಿ ರಾತ್ರಿ ಬಂದ ಸುದ್ದಿಯಿಂದ ಬೆಳಿಗ್ಗೆ ಬೆಲೆ ಒಮ್ಮೆಲೇ ಜಿಗಿಯುವುದುಂಟು. ಜಿಗಿತ ದೊಡ್ಡದಿದ್ದಷ್ಟೂ ಈ ಪರಿಣಾಮಗಳು ಸಣ್ಣವಾಗುತ್ತವೆ.

ಇದರಿಂದ ಸೂಚಕದ ಮೇಲೆ ಆಗುವುದೇನು? ವೆಲ್ಸ್ ವೈಲ್ಡರ್ ಎಂಬವರು 1978ರಲ್ಲಿ ಪ್ರಕಟಿಸಿದ ಆರ್.ಎಸ್.ಐ. ಎಂಬ ಸೂಚಕವನ್ನು ತೆಗೆದುಕೊಳ್ಳೋಣ. ಸ್ಥೂಲವಾಗಿ ಹೇಳುವುದಾದರೆ, ಕೆಲವು ದಿನಗಳ ಏರಿಳಿತಗಳ ಒಟ್ಟು ಮೊತ್ತದಲ್ಲಿ ಏರಿಕೆಯ ಪಾಲು ಶೇಕಡಾ ಎಷ್ಟು ಎಂಬುದನ್ನು ಅದು ತಿಳಿಸುತ್ತದೆ. 70ನ್ನು ದಾಟಿದರೆ ಬೆಲೆ ಅತಿಯಾಗಿ ಏರಿದೆಯೆಂದು ಅರ್ಥ ಮಾಡುತ್ತಾರೆ. ಮುಕ್ತಾಯದ ಬೆಲೆಗಳಲ್ಲಿ ಏರಿಕೆಗಳ ಮೊತ್ತ 66 ರೂಪಾಯಿ, ಇಳಿಕೆಗಳ ಮೊತ್ತ 34 ರೂಪಾಯಿ ಇದ್ದರೆ ಸೂಚಕ 66. ಅದೇ ದಿನಗಳಿಗೆ ಮಧ್ಯಬೆಲೆಯನ್ನು ಬಳಸಿದೆವೆನ್ನೋಣ. ಒಟ್ಟಿನಲ್ಲಿ ಬೆಲೆ ಮೇಲೆ ಬಂದ ದೂರ ಹೆಚ್ಚುಕಡಿಮೆ ಅದೇ 32 ರೂಪಾಯಿ. ಆದರೆ ಏರಿಳಿತಗಳ ಮೊತ್ತ 100ರಿಂದ 78ಕ್ಕೆ ಇಳಿಯಿತು. ಆಗ ಏರಿಕೆ 55, ಇಳಿಕೆ 23; ಸೂಚಕ 70.5. ಪೇಟೆಯಲ್ಲಿ ಏನೂ ಆಗಿಲ್ಲ, ಎಚ್ಚರಿಕೆಯ ಗಂಟೆ ಮಾತ್ರ ಬಾರಿಸಿತು! 70 ಎಂಬ ಗಡಿ ಮುಕ್ತಾಯದ ಬೆಲೆಗೆಂದು ಗೊತ್ತುಮಾಡಿದ್ದು. ಬೆಲೆಯನ್ನು ಬದಲಾಯಿಸಿದವರು ಗಡಿಯನ್ನೂ ಬದಲಾಯಿಸಬೇಕು. ದೀರ್ಘಾವಧಿಯ ಚಲಿಸುವ ಸರಾಸರಿಗಳಲ್ಲಿ ಈ ಚಿಂತೆ ಇಲ್ಲ. 50 ದಿನಗಳ ಸರಾಸರಿ ತಾನಾಗಿಯೇ 24.5 ದಿನ ಹಿಂದುಳಿದಿರುತ್ತದೆ. ಅದಕ್ಕೆ ಅರ್ಧ ದಿನ ಸೇರಿದರೆ ಗೊತ್ತಾಗುವುದೂ ಇಲ್ಲ. 5 ದಿನಗಳ ಸರಾಸರಿ ಹಿಂದುಳಿಯುವುದು 2 ದಿನ ಮಾತ್ರ. ಅಲ್ಲಿ ಅರ್ಧ ದಿನವೆಂದರೆ ಕಾಲು ಭಾಗದಷ್ಟು ಹೆಚ್ಚು.

ಇನ್ನು ಎರಡು ತುದಿಗಳನ್ನು ನೆಚ್ಚುವುದರ ಅಪಾಯ. 2010ರ ಮೇ 6ರಂದು ಅಮೆರಿಕದ ಪೇಟೆ ಮಧ್ಯಾಹ್ನ ಕೆಲವೇ ನಿಮಿಷಗಳಲ್ಲಿ ಕುಸಿದು, ಅಷ್ಟೇ ಬೇಗ ಬಹುಮಟ್ಟಿಗೆ ಚೇತರಿಸಿಕೊಂಡಿತು. ಡೌ ಜೋನ್ಸ್ ಸೂಚ್ಯಂಕದ ಅಂದಿನ ಗರಿಷ್ಠ ಸುಮಾರು 10,880, ಕನಿಷ್ಠ ಸುಮಾರು 9,870, ಮುಕ್ತಾಯ ಸುಮಾರು 10,520. ಮಧ್ಯಬೆಲೆ 10,375; ಪ್ರಾತಿನಿಧಿಕ ಬೆಲೆ 10,423. ಕೆಲವು ನಿಮಿಷ ಮಾತ್ರ ಇದ್ದ ಕನಿಷ್ಠವು ಮಧ್ಯಬೆಲೆಯ ಅರ್ಧವನ್ನು ನಿರ್ಧರಿಸಿತು. ಅದೇ ಗೊಂದಲದಲ್ಲಿ, ಸುಮಾರು 40 ಡಾಲರು ಬೆಲೆಯ ಆಕ್ಸೆಂಚರ್ ಷೇರು ಒಂದು ಸೆಂಟಿಗೂ ಕೈಬದಲಾಯಿತು. ಅಂಥ ವ್ಯವಹಾರಗಳನ್ನು ಆಮೇಲೆ ರದ್ದುಪಡಿಸಿದರು. ಆದರೆ ರದ್ದಾದ ಅಂಕಿಯನ್ನು ಅಳಿಸದ ಪಟ್ಟಿಯಲ್ಲಿ ಆ ದಿನದ ಮಧ್ಯಬೆಲೆ ಸುಮಾರು 20 ಡಾಲರು, ಎಂದರೆ ನಿಜ ಬೆಲೆಯ ಅರ್ಧ! ಮಧ್ಯಾಂಕವಾಗಿದ್ದರೆ ಇಂಥ ಒಂದೆರಡು ವ್ಯವಹಾರಗಳಿಂದ ಅದು ಕದಲುತ್ತಿರಲಿಲ್ಲ. ಆದುದರಿಂದ hl2 ಬಳಸುವವರು ಗರಿಷ್ಠ ಕನಿಷ್ಠಗಳ ಅಂತರವು ಹಿಂದಿನ ದಿನಗಳಿಗಿಂತ ಹಲವು ಪಟ್ಟು ಹೆಚ್ಚಿರುವ ದಿನಗಳನ್ನು ಮೊದಲು ಹುಡುಕಿ ಪರಿಶೀಲಿಸಬೇಕು.

ಎಲ್ಲಕ್ಕಿಂತ ದೊಡ್ಡ ಮೋಸ ಹಳೆಯ ಅಂಕಿಗಳ ಮೇಲೆ ವ್ಯವಹಾರದ ವಿಧಾನವನ್ನು ಪರೀಕ್ಷಿಸುವಾಗ ನಡೆಯುತ್ತದೆ. ಮಧ್ಯಬೆಲೆಯಿಂದ ಸಂಜ್ಞೆಯನ್ನು ಪಡೆದು, ಕೊಂಡದ್ದೂ ಮಾರಿದ್ದೂ ಅದೇ ಮಧ್ಯಬೆಲೆಗೆ ಎಂದು ಲೆಕ್ಕ ಬರೆದರೆ, ನಮ್ಮ ನಾಣ್ಯದ ಷೇರಿನಲ್ಲಿಯೂ ಲಾಭ ಬರುತ್ತದೆ. ಆದರೆ ದಿನದ ಮಧ್ಯಬೆಲೆ ತಿಳಿಯುವುದು ಪೇಟೆ ಮುಚ್ಚಿದ ಮೇಲೆ. ಆ ಬೆಲೆಗೆ ಮಾರುವವರು ಆಗ ಯಾರೂ ಇರುವುದಿಲ್ಲ. ಸೂಚಕಕ್ಕೆ ಯಾವ ಬೆಲೆಯನ್ನಾದರೂ ಕೊಡಬಹುದು. ಲಾಭನಷ್ಟದ ಲೆಕ್ಕಕ್ಕೆ ಮಾತ್ರ ಸಂಜ್ಞೆ ದೊರೆತ ನಂತರ ನಿಜವಾಗಿ ಸಿಗಬಹುದಾದ ಬೆಲೆಯನ್ನೇ ಹಿಡಿಯಬೇಕು. ಸಂದೇಹವಿದ್ದವರು ತಮ್ಮ ವಿಧಾನವನ್ನು ಮೊದಲು ನಾಣ್ಯ ಚಿಮ್ಮಿ ಪಡೆದ ಬೆಲೆಗಳ ಮೇಲೆ ಪ್ರಯೋಗಿಸಲಿ. ಅಲ್ಲಿಯೂ ಎಡೆಬಿಡದೆ ಲಾಭ ಕಾಣಿಸಿದರೆ ಆ ಲಾಭ ಪೇಟೆಯದಲ್ಲ, ಲೆಕ್ಕದ ದೋಷದ್ದು.