ಕಳವಾದಲ್ಲಿ ಕಳವಾದ ಫೋನು: ಎಫ್.ಐ.ಆರ್. ಮತ್ತು ಎನ್.ಸಿ. ನಡುವಿನ ಅಂತರ

ಒಂದು ರಾತ್ರಿ ಒಂಬತ್ತರ ಹೊತ್ತಿಗೆ ನಮ್ಮ ಕಟ್ಟಡದ ಮೂರನೇ ಮಹಡಿಯ ಹುಡುಗ ಬಾಗಿಲು ತಟ್ಟಿದ. ಕುಂದಾಪುರದ ಕಡೆಯವರು, ತಂದೆಗೆ ಮುಲುಂಡಿನ ಹೋಟೆಲೊಂದರಲ್ಲಿ ಕೆಲಸ. "ಮಾಮ, ಫೋನ್ ಹೋಯ್ತು" ಎಂದು ಒಂದು ಕಾಗದ ನನ್ನ ಕೈಗಿತ್ತ. ಥಾಣೆ ಕೋರ್ಟಿನ ಬಳಿ ವಕೀಲರೊಬ್ಬರ ಕಚೇರಿಯಲ್ಲಿ ನಾನು ಗುಮಾಸ್ತ. ಹಾಗಾಗಿ ಕಟ್ಟಡದಲ್ಲಿ ಯಾರಿಗೆ ಪೊಲೀಸ್ ಠಾಣೆಯ ಕಾಗದ ಸಿಕ್ಕಿದರೂ ಅದು ಒಮ್ಮೆ ನನ್ನ ಮನೆಗೆ ಬಂದೇ ಹೋಗುತ್ತದೆ.

ನಡೆದದ್ದು ಇಷ್ಟು. ಕಳವಾ ಸ್ಟೇಷನ್ನಿನಲ್ಲಿ ಇಳಿದು, ಕೈಯಲ್ಲಿ ಫೋನ್ ಹಿಡಿದು ಪ್ಲಾಟ್‌ಫಾರ್ಮಿನ ಮೇಲೆ ನಡೆಯುತ್ತಿದ್ದ. ಅವನು ಇಳಿದ ಗಾಡಿ ಹೊರಟಿತು. ಬಾಗಿಲಲ್ಲಿ ನಿಂತಿದ್ದವನೊಬ್ಬ ಕೈ ಚಾಚಿ ಫೋನ್ ಕಿತ್ತುಕೊಂಡ. ಗಾಡಿ ವೇಗ ಪಡೆಯಿತು, ಕಳ್ಳನೂ ಅದರ ಜೊತೆ ಹೋದ. ಹದಿನೆಂಟು ಸಾವಿರದ ಫೋನು, ಇನ್ನೂ ಐದು ಕಂತು ಬಾಕಿ.

ಅವನು ಹೋದ ಠಾಣೆಯಲ್ಲಿ, ಅದರ ಹೆಸರು ಇಲ್ಲಿ ಬೇಡ, "ಮುಖ ನೋಡಿದ್ದೀಯಾ?" ಎಂದು ಕೇಳಿದರಂತೆ. ಇಲ್ಲ ಎಂದದ್ದಕ್ಕೆ ಅಚ್ಚು ಹಾಕಿದ ಫಾರ್ಮ್ ಕೊಟ್ಟು ತುಂಬಿಸಿ, ಸಹಿ ಹಾಕಿಸಿ, ಠಸ್ಸೆ ಹೊಡೆದು ಕಳಿಸಿದ್ದಾರೆ. ಹುಡುಗ ಅದನ್ನೇ ಎಫ್.ಐ.ಆರ್. ಅಂದುಕೊಂಡಿದ್ದ. ಅದರಲ್ಲಿ ಮರಾಠಿಯಲ್ಲಿ ಬರೆದಿದ್ದದ್ದು "ಮೊಬೈಲ್ ಗಹಾಳ್ ಝಾಲಾ" ಎಂದು. ಗಹಾಳ್ ಎಂದರೆ ಕಾಣೆಯಾಯಿತು, ಕಳೆದುಹೋಯಿತು.

ಕನ್ನಡದಲ್ಲಿ ಕಳವು ಬೇರೆ, ಕಳೆದುಹೋಗುವುದು ಬೇರೆ. ಕಾನೂನಿನಲ್ಲೂ ಹಾಗೆಯೇ. ವಸ್ತು ಕಳೆದುಹೋದರೆ ಅಲ್ಲಿ ಅಪರಾಧವೂ ಇಲ್ಲ, ಆರೋಪಿಯೂ ಇಲ್ಲ. ಆ ಕಾಗದ ಪೂರ್ತಿ ನಿಷ್ಪ್ರಯೋಜಕವೇನಲ್ಲ: ಅದೇ ನಂಬರಿನ ಹೊಸ ಸಿಮ್ ಪಡೆಯಲು, ಸರ್ಕಾರದ CEIR ಪೋರ್ಟಲಿನಲ್ಲಿ ಫೋನ್ ಬ್ಲಾಕ್ ಮಾಡಿಸಲು ಸಾಕು. ಆದರೆ ಕದ್ದವನನ್ನು ಹುಡುಕಿ ಎಂದು ಪೊಲೀಸರಿಗೆ ಹೇಳುವ ಕಾಗದ ಅದಲ್ಲ. ವಿಮೆಯವರು ಮರುದಿನವೇ "ಇದು ನಡೆಯುವುದಿಲ್ಲ, ಎಫ್.ಐ.ಆರ್. ತನ್ನಿ" ಎಂದರು.

ಪೊಲೀಸರು ಪ್ರತಿ ಅಪರಾಧವನ್ನೂ ತಾವಾಗಿಯೇ ತನಿಖೆ ಮಾಡಬಹುದು ಎಂದು ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದೇವೆ. ಅದು ಹಾಗಿಲ್ಲ. ಕಾನೂನು ಅಪರಾಧಗಳನ್ನು ಎರಡು ಪಂಕ್ತಿಯಲ್ಲಿ ಕೂರಿಸಿದೆ. ಕೋರ್ಟಿನ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಆರಂಭಿಸಬಹುದಾದ, ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ಒಂದು ಪಂಕ್ತಿ. ಇದು ಸಂಜ್ಞೇಯ ಅಪರಾಧ, ಇಲ್ಲಿಯವರ ಮರಾಠಿಯಲ್ಲಿ 'ದಖಲಪಾತ್ರ'. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೆ ಕೈ ಹಾಕುವಂತಿಲ್ಲದ ಅಪರಾಧ ಇನ್ನೊಂದು ಪಂಕ್ತಿ. ಇದು ಅಸಂಜ್ಞೇಯ, ಮರಾಠಿಯಲ್ಲಿ 'ಅದಖಲಪಾತ್ರ', ಮುಂಬಯಿಯ ಬಾಯಿಮಾತಿನಲ್ಲಿ 'ಎನ್.ಸಿ.'. ಮೊದಲನೆಯದಕ್ಕೆ ಮಾತ್ರ ಎಫ್.ಐ.ಆರ್., ಅಂದರೆ ಊರಿನ ಠಾಣೆಗಳಲ್ಲಿ ಬರೆಯುವ 'ಪ್ರಥಮ ವರ್ತಮಾನ ವರದಿ'. ಎರಡನೆಯದನ್ನು ಬೇರೆ ಪುಸ್ತಕದಲ್ಲಿ ಬರೆದುಕೊಂಡು, "ಮ್ಯಾಜಿಸ್ಟ್ರೇಟರ ಬಳಿ ಹೋಗಿ" ಎಂದು ಹೇಳುತ್ತಾರೆ. ಹಾಗೆ ಹೇಳುವುದು ಉದಾಸೀನವಲ್ಲ, ಕಾನೂನೇ ಹಾಗೆ ಹೇಳಿಸುತ್ತದೆ.

ಯಾವ ಅಪರಾಧ ಯಾವ ಪಂಕ್ತಿಯಲ್ಲಿ ಎಂಬುದು ಠಾಣೆಯವರ ಮರ್ಜಿಯಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಮೊದಲ ಅನುಸೂಚಿಯಲ್ಲಿ ಪ್ರತಿ ಅಪರಾಧದ ಮುಂದೆ ಇದು ಬರೆದಿದೆ. ನಮ್ಮ ಚಾಳಿನ ಹಳೆಯ ಜಗಳವನ್ನೇ ನೋಡಿ. ನೀರಿನ ವಿಷಯಕ್ಕೆ ನೆರೆಯವರಿಬ್ಬರು ಬೈದಾಡಿ, ಒಬ್ಬ ಇನ್ನೊಬ್ಬನ ಕೆನ್ನೆಗೆ ಹೊಡೆದರೆ ಅದು ಸಾಮಾನ್ಯ ಗಾಯ, ಎನ್.ಸಿ. ಅದೇ ಏಟಿಗೆ ಹಲ್ಲು ಮುರಿದರೆ ಅದು ತೀವ್ರ ಗಾಯ, ಎಫ್.ಐ.ಆರ್. ಆದ್ದರಿಂದ ಹೊಡೆತ ತಿಂದವರು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಗಾಯವನ್ನು ದಾಖಲಿಸಿಕೊಳ್ಳಬೇಕು. ದೂರು ಯಾವ ಪಂಕ್ತಿಗೆ ಹೋಗುತ್ತದೆ ಎಂಬುದನ್ನು ಕೆಲವೊಮ್ಮೆ ವೈದ್ಯರ ಆ ಚೀಟಿಯೇ ನಿರ್ಧರಿಸುತ್ತದೆ. ಒಂದೇ ಘಟನೆಯಲ್ಲಿ ಎರಡೂ ಬಗೆಯ ಅಪರಾಧಗಳಿದ್ದರೆ ಇಡೀ ಪ್ರಕರಣವನ್ನು ಸಂಜ್ಞೇಯವೆಂದೇ ಹಿಡಿಯಬೇಕು.

ಕಳವಿನ ವಿಷಯದಲ್ಲಿ ಹೊಸ ಕಾನೂನು ಇನ್ನೊಂದು ಗೆರೆ ಎಳೆದಿದೆ. ಕದ್ದ ಮಾಲಿನ ಬೆಲೆ 5000 ರೂಪಾಯಿಗಿಂತ ಕಡಿಮೆಯಿದ್ದರೆ ಆ ಸಾದಾ ಕಳ್ಳತನ ಈಗ ಅಸಂಜ್ಞೇಯ. ಜೇಬಿನಿಂದ ನಾಲ್ಕು ಸಾವಿರದ ಫೋನು ಮೆಲ್ಲಗೆ ಎತ್ತಿದರೆ ಎನ್.ಸಿ. ಅದನ್ನೇ ಕೈಯಿಂದ ಕಸಿದುಕೊಂಡರೆ ಅದು ಕಸಿಯುವಿಕೆ, ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಮು. ಇದಕ್ಕೆ ಬೆಲೆಯ ಗೆರೆಯಿಲ್ಲ, ಸಂಜ್ಞೇಯವೇ. ಹಳಿಯ ಪಕ್ಕ ನಿಂತು, ಬಾಗಿಲಲ್ಲಿರುವ ಪ್ರಯಾಣಿಕರ ಕೈಗೆ ದೊಣ್ಣೆಯಿಂದ ಹೊಡೆದು ಫೋನ್ ಬೀಳಿಸುವ 'ಫಟಕಾ' ಕಳ್ಳರದ್ದಂತೂ ದರೋಡೆಯ ಮಟ್ಟಕ್ಕೇ ಹೋಗಬಹುದು. ಆದ್ದರಿಂದ ಬೆಲೆ ತೋರಿಸುವ ಬಿಲ್ಲು ಮತ್ತು "ಹೇಗೆ ಹೋಯಿತು" ಎಂಬ ಒಂದು ವಾಕ್ಯ, ಇವೆರಡೂ ನೀವು ಊಹಿಸುವುದಕ್ಕಿಂತ ಹೆಚ್ಚು ತೂಕದವು.

ಮರುದಿನ ಬೆಳಿಗ್ಗೆ ನಾನು ಹುಡುಗನನ್ನು ಕೂರಿಸಿಕೊಂಡು ಒಂದೇ ಪುಟದ ದೂರು ಬರೆಸಿದೆ. ದಿನಾಂಕ, ಹೊತ್ತು, ಪ್ಲಾಟ್‌ಫಾರ್ಮ್, ಗಾಡಿ ಹೋದ ದಿಕ್ಕು, ಬಾಗಿಲಲ್ಲಿದ್ದವನ ಅಂಗಿಯ ಬಣ್ಣ, ಫೋನಿನ ಬೆಲೆ, ಡಬ್ಬಿಯ ಮೇಲಿದ್ದ ಹದಿನೈದು ಅಂಕಿಯ IMEI ನಂಬರು. 'ಗಹಾಳ್' ಇದ್ದ ಜಾಗದಲ್ಲಿ 'ಹಿಸಕಾವೂನ್ ನೇಲಾ', ಅಂದರೆ ಕಸಿದುಕೊಂಡು ಹೋದ. ಮುಖ ಕಾಣಲಿಲ್ಲ ಎಂಬುದನ್ನೂ ಹಾಗೆಯೇ ಬರೆಸಿದೆ. ಆರೋಪಿಯ ಹೆಸರು ಗೊತ್ತಿರಲೇಬೇಕೆಂಬ ನಿಯಮವಿಲ್ಲ, 'ಅಪರಿಚಿತ ವ್ಯಕ್ತಿ' ಎಂದರೆ ಸಾಕು. "ಮಾಮ, ಚಾಕು ತೋರಿಸಿದ ಅಂತ ಬರೆದರೆ ಬೇಗ ತಗೋತಾರಾ?" ಎಂದು ಕೇಳಿದ. ಬೇಡ ಎಂದೆ. ಸುಳ್ಳು ಮಾಹಿತಿ ಕೊಡುವುದೇ ಒಂದು ಅಪರಾಧ. ಪ್ಲಾಟ್‌ಫಾರ್ಮಿನ ಕ್ಯಾಮೆರಾದಲ್ಲಿ ಚಾಕು ಕಾಣದಿದ್ದರೆ ನಿಜವಾದ ಕಳವೂ ಸುಳ್ಳಾಗಿಬಿಡುತ್ತದೆ.

ಗಾಡಿಯಲ್ಲಿ ಅಥವಾ ಪ್ಲಾಟ್‌ಫಾರ್ಮಿನಲ್ಲಿ ನಡೆದದ್ದಕ್ಕೆ ರೈಲ್ವೆ ಪೊಲೀಸರ, ಅಂದರೆ ಜಿ.ಆರ್.ಪಿ.ಯ, ಠಾಣೆ, ಸ್ಟೇಷನ್ನಿನ ಹೊರಗೆ ನಡೆದದ್ದಕ್ಕೆ ಊರ ಪೊಲೀಸರ ಠಾಣೆ. ಆರ್.ಪಿ.ಎಫ್. ಬೇರೆಯೇ ಪಡೆ, ಇಂಥ ಕಳವಿನ ಎಫ್.ಐ.ಆರ್. ದಾಖಲಿಸುವುದು ಜಿ.ಆರ್.ಪಿ. ಆದರೆ "ಇದು ನಮ್ಮ ಹದ್ದಿಯಲ್ಲ" ಎಂದು ಯಾವ ಠಾಣೆಯವರೂ ವಾಪಸು ಕಳಿಸುವಂತಿಲ್ಲ. ಸಂಹಿತೆಯ 173ನೇ ಕಲಮಿನ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಮಾಹಿತಿ ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. 'ಝೀರೋ ಎಫ್.ಐ.ಆರ್.' ಎನ್ನುವುದು ಇದನ್ನೇ. ಆನ್‌ಲೈನಿನಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು.

ಠಾಣೆಯಲ್ಲಿ ಆ ದಿನ ಒಂದೂವರೆ ತಾಸು ಕಾದೆವು. ಕರ್ತವ್ಯದಲ್ಲಿದ್ದ ಅಂಮಲದಾರರು ದೂರು ಎರಡು ಬಾರಿ ಓದಿದರು. "ನಿನ್ನೆ ಗಹಾಳ್ ಅಂದಿದ್ದೆಯಲ್ಲ?" ಎಂದರು. "ಫಾರ್ಮಿನಲ್ಲಿ ಅಚ್ಚಾಗಿದ್ದದ್ದು ಅದು ಸಾಹೇಬ್ರೆ, ನಾನು ಹೇಳಿದ್ದು ಕಿತ್ಕೊಂಡ ಅಂತಲೇ" ಎಂದು ಹುಡುಗ ತನ್ನ ಹರಕು ಮರಾಠಿಯಲ್ಲಿ ಹೇಳಿದ. ಮತ್ತೆ ವಾದವಾಗಲಿಲ್ಲ. ಬರೆದುಕೊಂಡದ್ದನ್ನು ಅವರು ಓದಿ ಹೇಳಿದರು. ಓದಿ ಹೇಳುವುದು ಅವರ ಕರ್ತವ್ಯ, ಅರ್ಥವಾಗದ ಮಾತನ್ನು ಹಿಂದಿಯಲ್ಲಿ ಕೇಳಿ ತಿಳಿದುಕೊಂಡ ಮೇಲೆಯೇ ಸಹಿ ಹಾಕುವುದು ನಮ್ಮ ಕೆಲಸ. ಪ್ರತಿ ಉಚಿತ. ಕೈಗೆ ಬಂದ ಕಾಗದ ಯಾವುದೆಂದು ತಿಳಿಯಲು ತಲೆಬರಹ ನೋಡಿ: ಮಹಾರಾಷ್ಟ್ರದಲ್ಲಿ ಎಫ್.ಐ.ಆರ್.ಗೆ 'ಸಿ.ಆರ್. ನಂಬರ್', ವರ್ಷ ಮತ್ತು ಕಲಮುಗಳಿರುತ್ತವೆ, ಎನ್.ಸಿ.ಗೆ ಎನ್.ಸಿ. ನಂಬರು, ಗಹಾಳ್ ಕಾಗದದಲ್ಲಿ ಕಲಮೇ ಇರುವುದಿಲ್ಲ.

ಆ ಸಿ.ಆರ್. ನಂಬರಿನ ಬೆಲೆ ತಿಳಿಯುವುದು ಆಮೇಲೆ. ಅದು ಬಿದ್ದ ಮೇಲೆ ಪೊಲೀಸರು ಸ್ಟೇಷನ್ನಿನ ಕ್ಯಾಮೆರಾ ದೃಶ್ಯ ತರಿಸಬಹುದು, ಆ IMEI ನಂಬರಿಗೆ ಈಗ ಯಾರ ಸಿಮ್ ಬಿದ್ದಿದೆ ಎಂದು ಮೊಬೈಲ್ ಕಂಪನಿಯನ್ನು ಕೇಳಬಹುದು, ಸಾಕ್ಷಿಗಳನ್ನು ಕರೆಸಬಹುದು, ಶೋಧ ನಡೆಸಬಹುದು, ಬಂಧಿಸಲೂಬಹುದು. ಈ ಅಧಿಕಾರಕ್ಕೂ ಬೇಲಿಯಿದೆ. ಹೆಂಗಸರನ್ನು, ಅರವತ್ತು ದಾಟಿದವರನ್ನು ಸಾಕ್ಷಿ ಹೇಳಲು ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ, ಮನೆಗೇ ಬಂದು ಕೇಳಬೇಕು. ತನಿಖೆಯಲ್ಲಿ ಸಾಕ್ಷಿ ಹೇಳಿದ ಹೇಳಿಕೆಗೆ ಅವರ ಸಹಿ ಹಾಕಿಸುವಂತಿಲ್ಲ. ಬಂಧಿಸಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು.

ಎನ್.ಸಿ.ಯಲ್ಲಿ ಈ ಅಧಿಕಾರ ಹುಟ್ಟುವುದೇ ಮ್ಯಾಜಿಸ್ಟ್ರೇಟರ ಆದೇಶದಿಂದ. ಇದು ಬರೀ ಶಾಸ್ತ್ರವಲ್ಲ. ಕರ್ನಾಟಕದಲ್ಲಿ ಇಸ್ಪೀಟು ಅಡ್ಡೆಗಳ ಮೇಲೆ ಪೊಲೀಸರು ಹಾಕಿದ ಎಷ್ಟೋ ಪ್ರಕರಣಗಳನ್ನು ಹೈಕೋರ್ಟ್ ರದ್ದು ಮಾಡಿದೆ. ಮ್ಯಾಜಿಸ್ಟ್ರೇಟರು ಯೋಚಿಸಿ ಆದೇಶ ಬರೆಯದೆ, ಪೊಲೀಸರ ಅರ್ಜಿಯ ಮೇಲೆಯೇ 'ಅನುಮತಿಸಿದೆ' ಎಂದು ಗೀಚಿದ್ದು ಸಾಲದು ಎಂಬುದೇ ಕಾರಣ.

ಸಂಜ್ಞೇಯ ಅಪರಾಧವಿದ್ದೂ ಬರೆದುಕೊಳ್ಳದಿದ್ದರೆ? ಉತ್ತರ ಪ್ರದೇಶದಲ್ಲಿ ಅಪ್ರಾಪ್ತ ಮಗಳ ಅಪಹರಣದ ದೂರು ಹೊತ್ತು ತಿರುಗಿದ ತಂದೆಯೊಬ್ಬರ ಪ್ರಕರಣ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದವರೆಗೆ ಹೋಯಿತು. 2013ರ ನವೆಂಬರ್ 12ರ ಆ ಲಲಿತಾ ಕುಮಾರಿ ತೀರ್ಪು ಹೇಳಿದ್ದು ಇದು: ಮಾಹಿತಿಯಲ್ಲಿ ಸಂಜ್ಞೇಯ ಅಪರಾಧ ಕಂಡರೆ ಎಫ್.ಐ.ಆರ್. ಕಡ್ಡಾಯ, ಮೊದಲು ಸತ್ಯವೋ ಸುಳ್ಳೋ ನೋಡೋಣ ಎಂದು ತಡೆಯುವಂತಿಲ್ಲ. ವ್ಯಾಪಾರ, ದಾಂಪತ್ಯ, ವೈದ್ಯಕೀಯ ನಿರ್ಲಕ್ಷ್ಯದಂಥ ಕೆಲವು ವಿಷಯಗಳಿಗೆ ಮಾತ್ರ ಅಂದು ವಿನಾಯಿತಿ ಕೊಟ್ಟಿತ್ತು. ಹೊಸ ಸಂಹಿತೆ ಅದನ್ನು ಸ್ವಲ್ಪ ಸಡಿಲಿಸಿದೆ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ, ಡಿವೈಎಸ್ಪಿ ದರ್ಜೆಯ ಅಧಿಕಾರಿಯ ಅನುಮತಿ ಪಡೆದು, 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ಕಳ್ಳತನವೂ ಕಸಿಯುವಿಕೆಯೂ ಇದರೊಳಗೆ ಬರುತ್ತವೆ. ಹಾಗಾಗಿ "ವಿಚಾರಣೆ ನಡೀತಿದೆ" ಎಂದರೆ, ಅನುಮತಿ ಎಂದು ಆಯಿತು ಎಂದು ಕೇಳಿ ದಿನ ಎಣಿಸಿ. ಅದಾದ ಮೇಲೂ ನಿರಾಕರಿಸಿದರೆ ದೂರನ್ನು ಪೊಲೀಸ್ ವರಿಷ್ಠರಿಗೆ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಆ ರಸೀದಿ ಮತ್ತು ಪ್ರಮಾಣಪತ್ರದೊಡನೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ನಡುವಿನ ಮೆಟ್ಟಿಲು ಹಾರಿ ಹೋದವರ ಅರ್ಜಿ ವಾಪಸು ಬರುವುದನ್ನು ನಮ್ಮ ಕಚೇರಿಯಲ್ಲೇ ಕಂಡಿದ್ದೇನೆ.

ಹುಡುಗನ ಫೋನು ಇನ್ನೂ ಸಿಕ್ಕಿಲ್ಲ. ಸಿಗದೆಯೂ ಹೋಗಬಹುದು. ಆಗ ಪೊಲೀಸರು ಕೋರ್ಟಿಗೆ 'ಎ ಸಮರಿ' ಕೊಡುತ್ತಾರೆ. ಮಹಾರಾಷ್ಟ್ರದ ಈ ಮಾತಿನ ಅರ್ಥ, ಅಪರಾಧ ನಡೆದದ್ದು ನಿಜ, ಮಾಡಿದವರು ಪತ್ತೆಯಾಗಿಲ್ಲ. ಊರಿನ 'ಬಿ ರಿಪೋರ್ಟ್' ಮಾತು ಕೇಳಿ ಅಭ್ಯಾಸವಾದವರು ಇದನ್ನು ದೂರು ಸುಳ್ಳು ಎಂದು ತಿಳಿಯಬಾರದು. ವಿಮೆಯವರು ಮಾತ್ರ ಎಫ್.ಐ.ಆರ್. ಪ್ರತಿ ನೋಡಿ ಹಣ ಕೊಟ್ಟರು, ಉಳಿದ ಕಂತು ತೀರಿತು. ಮೊನ್ನೆ ಮೆಟ್ಟಿಲಲ್ಲಿ ಸಿಕ್ಕಾಗ ಅವನ ತಂದೆ ಕೇಳಿದರು: "ಎಲ್ಲ ಒಂದು ಶಬ್ದದಿಂದ ಆಯ್ತಲ್ಲ ಮಾರಾಯ್ರೆ?" ಹೌದು ಎಂದೆ. ಕಳವಾದಲ್ಲಿ ಕಳವಾದದ್ದನ್ನು ಕಳವಾಯಿತು ಎಂದೇ ಹೇಳಬೇಕಿತ್ತು, ಅಷ್ಟೇ.